ಬೆಳಗಿನ ಹಾಲಿಗೆ ಫ್ಯಾಟ್ ಏಕೆ ಕಡಿಮೆ?

"ಒಂದೇ ಹಸು, ಒಂದೇ ಮೇವು. ಬೆಳಿಗ್ಗೆ ಫ್ಯಾಟ್ 3.4, ಸಂಜೆ 3.9. ದರವೂ ಬೇರೆ. ಯಂತ್ರ ಸರಿಯಿಲ್ಲವೇ?"

ಹಾಸನದ ಕಡೆಯ ಹಾಲು ಸಂಘವೊಂದರ ಕಾರ್ಯದರ್ಶಿ ನಾನು. ಸದಸ್ಯರು ನನ್ನನ್ನು ಕೇಳುವ ಪ್ರಶ್ನೆ ಇದು. ಸಂಜೆ ಐದಕ್ಕೆ ಕರೆದರೆ ಬೆಳಗಿನ ಆರಕ್ಕೆ ಹದಿಮೂರು ಗಂಟೆಯ ಅಂತರ. ಅಂತರ ಹೆಚ್ಚಿದಷ್ಟೂ ಹಾಲು ಹೆಚ್ಚು, ಜಿಡ್ಡಿನ ಪ್ರಮಾಣ ಕಡಿಮೆ. ಹತ್ತು ಕಿಲೋ ಹಾಲಿನಲ್ಲಿ 3.4 ಎಂದರೆ 340 ಗ್ರಾಂ ಜಿಡ್ಡು, 3.9 ಎಂದರೆ 390. ದರ ಬೇರೆಯಾಗುವುದು ಈ 50 ಗ್ರಾಂ ವ್ಯತ್ಯಾಸದಿಂದ.

ಕರುವಿಗೆ ಕೊನೆಯಲ್ಲಿ ಬಿಡುತ್ತೀರಾ? ಅತಿ ಗಟ್ಟಿ ಹಾಲು ಕೊನೆಯ ಧಾರೆಯದು, ಅದು ಕರುವಿನ ಹೊಟ್ಟೆ ಸೇರುತ್ತದೆ. ಮೊದಲ ಧಾರೆಗಳನ್ನು ಕರುವಿಗೆ ಬಿಟ್ಟು, ಕೆಚ್ಚಲು ಬರಿದಾಗುವವರೆಗೆ ಕರೆದು ನೋಡಿ. ಅನುಮಾನ ಉಳಿದರೆ, ಕ್ಯಾನನ್ನು ತಳದಿಂದ ಕಲಕಿಸಿ, ನಿಮ್ಮೆದುರೇ ಎರಡು ಬಾರಿ ಪರೀಕ್ಷೆ ಮಾಡಿಸಿ. ಕಲಕದ ಹಾಲಿನ ಮೇಲ್ಪದರದಿಂದ ತೆಗೆದ ಮಾದರಿ ನಿಜ ಹೇಳುವುದಿಲ್ಲ.