ತ್ರಿಕೋನದೊಳಗೆ ಟೈ ಲೈನ್ ಯಾಕಿಲ್ಲ?

"650 ಡಿಗ್ರಿಯ ಕಬ್ಬಿಣ-ಕ್ರೋಮಿಯಂ-ನಿಕಲ್ ನಕ್ಷೆಯಲ್ಲಿ ನನ್ನ ಚುಕ್ಕೆ α+γ+σ ತ್ರಿಕೋನದ ಒಳಗೆ ಬಿತ್ತು. ಅಲ್ಲಿ ಟೈ ಲೈನೇ ಇಲ್ಲ. ಪ್ರಮಾಣ ಓದೋದು ಹೇಗೆ?"

ಬಹುಶಃ ನೀವು ಎರಡು ಫೇಸ್‌ಗಳ ಜಾಗದ ರೀತಿಯನ್ನೇ ಇಲ್ಲೂ ಹುಡುಕುತ್ತಿದ್ದೀರಿ. ಉಷ್ಣಾಂಶ, ಒತ್ತಡ ಎರಡೂ ನಿಗದಿಯಾದ ಮೇಲೆ F = C − P; ಇಲ್ಲಿ C ಧಾತುಗಳ ಸಂಖ್ಯೆ, P ಫೇಸ್‌ಗಳ ಸಂಖ್ಯೆ, F ಅಂದರೆ ಇನ್ನೂ ಎಷ್ಟು ಅಂಶ ಸ್ವತಂತ್ರವಾಗಿ ಬದಲಾಗಬಹುದು ಎಂಬುದು. ಮೂರು ಧಾತು, ಮೂರು ಫೇಸ್ ಅಂದರೆ F ಸೊನ್ನೆ. ಹಾಗಾಗಿ ಚುಕ್ಕೆ ಒಳಗೆ ಎಲ್ಲಿದ್ದರೂ ಮೂರು ಫೇಸ್‌ಗಳ ಸಂಯೋಜನೆ ತ್ರಿಕೋನದ ಮೂರು ಮೂಲೆಗಳೇ. ಬದಲಾಗುವುದು ಪ್ರಮಾಣ ಮಾತ್ರ.

ಸ್ಕೇಲು ತಗೊಳ್ಳಿ. σ ಮೂಲೆಯಿಂದ ಚುಕ್ಕೆಯ ಮೂಲಕ ಎದುರಿನ α-γ ಅಂಚಿನವರೆಗೆ ಗೆರೆ ಎಳೆಯಿರಿ. ಇಡೀ ಗೆರೆ 8 ಸೆಂ.ಮೀ., ಚುಕ್ಕೆಯಿಂದ ಅಂಚಿಗೆ 2 ಸೆಂ.ಮೀ. ಬಂತು ಅನ್ನಿ. ಆಗ σ 25%. (ಮೂಲೆಯ ಕಡೆಯ ತುಂಡನ್ನು ತಗೊಂಡರೆ ಉತ್ತರ ತಲೆಕೆಳಗು.) ಉಳಿದ 75% ಅನ್ನು ಗೆರೆ ಅಂಚಿಗೆ ತಾಗಿದ ಜಾಗದಿಂದ ಹಂಚಿ: ಅಂಚು 5 ಸೆಂ.ಮೀ., ಅಲ್ಲಿಂದ γ ಮೂಲೆಗೆ 2 ಸೆಂ.ಮೀ. ಇದ್ದರೆ α 30%, γ 45%. ನಕ್ಷೆ ತೂಕದ ಶೇಕಡಾದಲ್ಲಿದ್ದರೆ ಇವೂ ತೂಕದ ಲೆಕ್ಕವೇ.

ಚುಕ್ಕೆ ಪಕ್ಕದ ಎರಡು ಫೇಸ್‌ಗಳ ಜಾಗಕ್ಕೆ ಜಾರಿದರೆ F = 1. ಅಲ್ಲಿ ಟೈ ಲೈನ್ ಸುಮ್ನೆ ಎಳೆಯುವ ಹಾಗಿಲ್ಲ, ನಕ್ಷೆಯಲ್ಲಿ ಕೊಟ್ಟಿರುವುದನ್ನೇ ಬಳಸಬೇಕು.

ಮೈಕ್ರೋಸ್ಕೋಪಿನಲ್ಲಿ σ ಕಾಣದಿದ್ದರೆ ನಿಮ್ಮ ಲೆಕ್ಕವನ್ನು ಕೂಡಲೇ ದೂರಬೇಡಿ. ಅದು ಬಹಳ ನಿಧಾನ ಹುಟ್ಟುತ್ತದೆ, ನಕ್ಷೆ ತೋರಿಸುವುದು ಪೂರ್ತಿ ಸಮತೋಲನ. ಮೊದಲು ಮಾದರಿಯನ್ನು 650 ಡಿಗ್ರಿಯಲ್ಲಿ ಎಷ್ಟು ಹೊತ್ತು ಇಟ್ಟಿದ್ದಿರಿ ನೋಡಿ.