ಶಾಶ್ವತ ಪೂಜೆಗೆ ಎಷ್ಟು ದುಡ್ಡು ಇಟ್ಟರೆ ಸಾಕು?

ಪ್ರಶ್ನೆ: ಊರ ದೇವಸ್ಥಾನದಲ್ಲಿ ಅಪ್ಪನ ಹೆಸರಲ್ಲಿ ವರ್ಷಕ್ಕೊಂದು ಪೂಜೆ ಶಾಶ್ವತವಾಗಿ ನಡೀಬೇಕು. ಒಂದೇ ಸಲ ಎಷ್ಟು ಇಡಬೇಕು? ಖರ್ಚು ಏರ್ತಾ ಹೋದರೆ C/(r−g) ಅಂತಾರೆ, ಆ ಸೂತ್ರ ಬಂದದ್ದು ಹೇಗೆ?

ನಾನು ಶಿರಸಿಯವನು, ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಇದು ನಮ್ಮ ಮನೆಯದೇ ಕತೆ. 1995ರಲ್ಲಿ ನಮ್ಮ ಅಜ್ಜ ಹಳ್ಳಿಯ ದೇವಸ್ಥಾನದಲ್ಲಿ 2,000 ರೂಪಾಯಿ ಇಟ್ಟು ಶಾಶ್ವತ ಪೂಜೆ ಬರೆಸಿದ್ದರು. ಆಗ ಠೇವಣಿಗೆ 12 ಪರ್ಸೆಂಟ್ ಬಡ್ಡಿ, ಅಂದರೆ ವರ್ಷಕ್ಕೆ 240. ಭಟ್ಟರ ದಕ್ಷಿಣೆ, ಕಾಯಿ, ಹೂವು, ಪಂಚಕಜ್ಜಾಯ ಎಲ್ಲ ಅದರಲ್ಲೇ ಆಗುತ್ತಿತ್ತು. ಈಗ 7 ಪರ್ಸೆಂಟಿಗೆ ಬರುವುದು 140. ಹೋದ ವರ್ಷ ಕಮಿಟಿಯವರು ಇನ್ನಷ್ಟು ಕಟ್ಟಿ ಅಂತ ಕಾಗದ ಹಾಕಿದರು. ಬಡ್ಡಿ ಇಳಿಯಿತು, ಖರ್ಚು ಏರಿತು. ಅಜ್ಜ ಎರಡನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಖರ್ಚು ಏರುವುದೇ ಇಲ್ಲ ಅಂದುಕೊಂಡರೆ ಲೆಕ್ಕ ಸುಲಭ. ಅಸಲು ಮುಟ್ಟದೆ ಬಡ್ಡಿಯಲ್ಲೇ ಪೂಜೆ ಆಗಬೇಕು. ಮುಂದಿನ ವರ್ಷದ ಖರ್ಚು 3,000, ಬಡ್ಡಿ 7 ಪರ್ಸೆಂಟ್ ಆದರೆ 3,000 ÷ 0.07, ಸುಮಾರು 42,857 ರೂಪಾಯಿ. ಇದು C/r, ಇಲ್ಲಿ C ಅಂದರೆ ಮುಂದಿನ ವರ್ಷದ ಖರ್ಚು, r ಅಂದರೆ ಬಡ್ಡಿ ದರ. ಇದಕ್ಕೇ ಪರ್ಪೆಚ್ಯುಯಿಟಿ ಅನ್ನುವುದು.

ಇನ್ನು ಏರುವ ಖರ್ಚು. ಅದು ವರ್ಷಕ್ಕೆ ಏರುವ ದರ g ಅನ್ನೋಣ. ಪ್ರತಿ ವರ್ಷದ ಪೂಜೆಗೂ ಒಂದೊಂದು ಬೇರೆ ಡಬ್ಬಿ ಇಡುತ್ತೀರಿ ಅಂದುಕೊಳ್ಳಿ. ಮುಂದಿನ ವರ್ಷ C ರೂಪಾಯಿ ಬೇಕಾದರೆ ಇವತ್ತು C/(1+r) ಹಾಕಿದರೆ ಸಾಕು, ಉಳಿದದ್ದನ್ನು ಬಡ್ಡಿ ತುಂಬಿಸುತ್ತದೆ. ಆಮೇಲಿನ ವರ್ಷದ ಖರ್ಚು C(1+g), ಅದಕ್ಕೆ ಎರಡು ವರ್ಷದ ಬಡ್ಡಿ ಸಿಗುತ್ತದೆ. ಹೀಗೆ ಎಲ್ಲ ಡಬ್ಬಿ ಕೂಡಿದರೆ ಇವತ್ತು ಇಡಬೇಕಾದ ಒಟ್ಟು ದುಡ್ಡು P:

```
P  = C/(1+r) + C(1+g)/(1+r)^2 + C(1+g)^2/(1+r)^3 + ...
x  = (1+g)/(1+r)
xP =           C(1+g)/(1+r)^2 + C(1+g)^2/(1+r)^3 + ...
```

ಪ್ರತಿ ಡಬ್ಬಿಯೂ ಹಿಂದಿನದರ x ಪಟ್ಟು. ಹಾಗಾಗಿ ಇಡೀ ಸಾಲನ್ನು x ಇಂದ ಗುಣಿಸಿದರೆ ಅದೇ ಸಾಲು ಬರುತ್ತದೆ, ಮೊದಲನೇ ಡಬ್ಬಿ ಮಾತ್ರ ಇರುವುದಿಲ್ಲ. ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ, ಕೊನೆಯಿಲ್ಲದ ಬಾಲ ಪೂರ್ತಿ ಹೊಡೆದುಹೋಗುತ್ತದೆ:

```
P - xP = C/(1+r)
P * (r-g)/(1+r) = C/(1+r)
P = C/(r-g)
```

g ಸೊನ್ನೆ ಆದರೆ ಮತ್ತೆ C/r. ಒಂದು ಷರತ್ತಿದೆ: r ಯಾವಾಗಲೂ g ಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮುಂದಿನ ಡಬ್ಬಿಗಳು ಚಿಕ್ಕದಾಗುವುದೇ ಇಲ್ಲ, ಮೊತ್ತಕ್ಕೆ ಕೊನೆಯೂ ಇರುವುದಿಲ್ಲ. g ಜಾಸ್ತಿ ಇದ್ದಾಗಲೂ ಸೂತ್ರ ಸುಮ್ನೆ ಒಂದು ಮೈನಸ್ ಸಂಖ್ಯೆ ಕೊಡುತ್ತದೆ. ಅದಕ್ಕೆ ಅರ್ಥವಿಲ್ಲ.

ಖರ್ಚು ವರ್ಷಕ್ಕೆ 5 ಪರ್ಸೆಂಟ್ ಏರಿದರೆ 3,000 ÷ 0.02, ಅಂದರೆ 1,50,000. ನಂಬಿಕೆ ಬರದಿದ್ದರೆ ಪಾಸ್‌ಬುಕ್ ಥರ ಬರೆದು ನೋಡಿ. ಮೊದಲ ವರ್ಷ ಬಡ್ಡಿ 10,500. ಪೂಜೆಗೆ 3,000 ತೆಗೆದು ಉಳಿದ 7,500 ಅಸಲಿಗೆ ಸೇರಿಸಿ, 1,57,500 ಆಯಿತು. ಮರುವರ್ಷ ಬಡ್ಡಿ 11,025, ಪೂಜೆ 3,150, ಅಸಲು 1,65,375. ಪೂಜೆಯ ಖರ್ಚೂ ಅಸಲೂ ಎರಡೂ ಸರಿಯಾಗಿ 5 ಪರ್ಸೆಂಟ್ ಏರುತ್ತಿವೆ, ಅಲ್ವಾ? ಹಾಗಾಗಿಯೇ ದುಡ್ಡು ಮುಗಿಯುವುದಿಲ್ಲ.

ಇಲ್ಲಿ ಜನ ಎಡವುವುದು C ಯಲ್ಲಿ. ಅದು ಇವತ್ತಿನ ಖರ್ಚಲ್ಲ, ಒಂದು ವರ್ಷದ ನಂತರದ ಮೊದಲ ಪೂಜೆಯ ಖರ್ಚು. ಭಟ್ಟರು ಇವತ್ತಿನ ರೇಟು 3,000 ಅಂದಿದ್ದರೆ C ಆಗುವುದು 3,150, ಇಡಬೇಕಾದ್ದು 1,57,500. ಈ ವರ್ಷದ ಪೂಜೆಯನ್ನೂ ಈಗಲೇ ಮಾಡಿಸುವುದಾದರೆ ಅದರ 3,000 ಬೇರೆ.

ನನಗೆ ನಿಜವಾಗಿ ಹೆದರಿಕೆ ಆಗುವುದು r−g ನೋಡಿದಾಗ. ಬಡ್ಡಿ 7ರಿಂದ 6ಕ್ಕೆ ಇಳಿದರೆ 1,50,000 ಹೋಗಿ 3,00,000 ಬೇಕು. ಒಂದೇ ಪರ್ಸೆಂಟಿಗೆ ದುಪ್ಪಟ್ಟು! ಏರದ ಖರ್ಚಿಗೆ ಅದೇ ಇಳಿತದಿಂದ 42,857 ಇದ್ದದ್ದು 50,000 ಆಗುತ್ತದೆ ಅಷ್ಟೇ. ಡಬ್ಬಿಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಖರ್ಚು ಏರದಿದ್ದರೆ 50 ವರ್ಷದಾಚೆಯ ಪೂಜೆಗಳಿಗೆಲ್ಲ ಸೇರಿ ಒಟ್ಟು ದುಡ್ಡಿನ 3.4 ಪರ್ಸೆಂಟ್ ಸಾಕು. 5 ಪರ್ಸೆಂಟ್ ಏರಿದರೆ ಸುಮಾರು 39 ಪರ್ಸೆಂಟ್ ಅವಕ್ಕೇ ಬೇಕು. ಅಷ್ಟು ದೂರದ ಬಡ್ಡಿ ಎಷ್ಟಿರುತ್ತದೆ ಅಂತ ಯಾರು ಬಲ್ಲರು? ಅದಕ್ಕೇ ನಾನಾದರೆ ಒಂದೇ ಉತ್ತರ ಹಿಡಿಯುವುದಿಲ್ಲ, ಬಡ್ಡಿ 6, 7, 8 ಮೂರಕ್ಕೂ ಲೆಕ್ಕ ಹಾಕಿ ನೋಡುತ್ತೇನೆ.

ದುಡ್ಡು ಕೊಡುವ ಮೊದಲು ಕಮಿಟಿಯವರನ್ನು ಒಂದು ಮಾತು ಕೇಳಿ: ಪೂಜೆ ಮುಗಿದು ಉಳಿದ ಬಡ್ಡಿಯನ್ನು ಏನು ಮಾಡುತ್ತೀರಿ? ನಿಮ್ಮ ಲೆಕ್ಕದಲ್ಲಿ ಮೊದಲ ವರ್ಷವೇ 7,500 ಉಳಿಯುತ್ತದೆ. ಅದನ್ನು ಅಸಲಿಗೆ ಸೇರಿಸದೆ ಹೆಂಚು ಹೊದಿಸಲು ಬಳಸಿದರೆ ಅಸಲು 1,50,000ದಲ್ಲೇ ನಿಲ್ಲುತ್ತದೆ. ವರ್ಷದ 10,500 ಬಡ್ಡಿಯನ್ನು ಪೂಜೆಯ ಖರ್ಚು ಸುಮಾರು 27ನೇ ವರ್ಷಕ್ಕೆ ದಾಟುತ್ತದೆ, ಆಗ ನಿಮ್ಮ ಮಕ್ಕಳಿಗೂ ಒಂದು ಕಾಗದ ಬರುತ್ತದೆ.