ಮೆಸ್ ಲೆಕ್ಕ ದಿನದ್ದಲ್ಲ, ವಾರದ್ದು

ಪ್ರಶ್ನೆ: ತಿಂಗಳಿಗೆ 3,000 ರೂಪಾಯಿ ಶುಲ್ಕದ ಹಾಸ್ಟೆಲ್ ಮೆಸ್. ಭಾನುವಾರ ಕೋಳಿ ಸಾರು ಮಾಡಿದರೆ ದುಡ್ಡು ಸಾಲುವುದಿಲ್ಲ. ಏನು ಮಾಡುವುದು?

ದಿನಕ್ಕೆ ತಲೆಗೆ 100 ರೂಪಾಯಿ ಬರುತ್ತದೆ. ಅಡುಗೆಯವರ ಸಂಬಳ, ಗ್ಯಾಸ್‌ಗೆಂದು 30 ತೆಗೆದಿಟ್ಟರೆ ದಿನಸಿಗೆ 70, ವಾರಕ್ಕೆ 490. ಭಾನುವಾರ 115 ಖರ್ಚಾದರೆ ಉಳಿದ ದಿನಗಳನ್ನು 62 ರೂಪಾಯಿಯಂತೆ ದಾಟಿಸಬೇಕು. ಹಾಗಾಗಿ ಕೋಳಿಯ ಆಚೀಚೆ ಅವಲಕ್ಕಿ, ಚಿತ್ರಾನ್ನ, ಹುರುಳಿ ಸಾರು ಇಡಿ. ಪಟ್ಟಿಯಲ್ಲಿ ‘ಬೀನ್ಸ್ ಪಲ್ಯ’ ಎನ್ನದೆ ‘ಪಲ್ಯ’ ಎಂದಷ್ಟೇ ಬರೆಯಿರಿ. ಬೀನ್ಸ್ ದುಬಾರಿಯಾದ ವಾರ ಕುಂಬಳಕಾಯಿ ಬರಲಿ. ಹುಡುಗರು ಗೊಣಗುತ್ತಾರೆ, ಗೊಣಗಲಿ.

ದೊಡ್ಡ ಸೋರಿಕೆ ಶನಿವಾರ ರಾತ್ರಿಯದು: ಊರಿಗೆ ಹೋದವರ ಪಾಲಿನ ಅಕ್ಕಿಯೂ ಬೇಯುತ್ತದೆ. ಶುಕ್ರವಾರವೇ ಉಳಿಯುವವರ ಹೆಸರು ಬರೆಸಿಕೊಳ್ಳಿ. ಮಿಕ್ಕ ಅನ್ನವನ್ನು ಚೆಲ್ಲುವ ಮುನ್ನ ತೂಗಿದರೆ ಮುಂದಿನ ಶನಿವಾರ ಎಷ್ಟು ಅಕ್ಕಿ ಇಳಿಸಬೇಕೆಂದು ತಿಳಿಯುತ್ತದೆ.